ಮೊದಲ ದತ್ತಾಂಶಕ್ಕೆ ಯಾವ ತಂತ್ರಾಂಶ: ಎಕ್ಸೆಲ್, ಎಸ್‌ಪಿಎಸ್‌ಎಸ್ ಅಥವಾ ಆರ್?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪಿಎಚ್.ಡಿ. ಎರಡನೆಯ ವರ್ಷದಲ್ಲಿದ್ದೇನೆ. ಜಗಳೂರು ಮತ್ತು ದಾವಣಗೆರೆ ತಾಲ್ಲೂಕುಗಳ 120 ಮೆಕ್ಕೆಜೋಳ ಬೆಳೆಗಾರರಿಂದ ಪ್ರಶ್ನಾವಳಿ ತುಂಬಿಸಿಕೊಂಡಿದ್ದೇನೆ. ಕೊಳವೆಬಾವಿ ಇರುವವರ ಮತ್ತು ಮಳೆಯನ್ನೇ ನಂಬಿದವರ ಇಳುವರಿಯನ್ನು ಹೋಲಿಸಬೇಕು. ಜಮೀನಿನ ಲೆಕ್ಕವನ್ನು ಪಹಣಿಯಲ್ಲಿ ಇರುವಂತೆಯೇ ಎಕರೆ-ಗುಂಟೆಯಲ್ಲಿ ಬರೆದುಕೊಂಡಿದ್ದೇನೆ. ಮಾರ್ಗದರ್ಶಕರು ಎಸ್‌ಪಿಎಸ್‌ಎಸ್ ಬಳಸಿ ಎನ್ನುತ್ತಾರೆ, ಸ್ನೇಹಿತೆಯೊಬ್ಬಳು ಆರ್ ಕಲಿ ಎನ್ನುತ್ತಾಳೆ, ನನಗೆ ಗೊತ್ತಿರುವುದು ಎಕ್ಸೆಲ್ ಮಾತ್ರ. ಯಾವುದನ್ನು ಹಿಡಿಯಲಿ?

ಉತ್ತರ: ಅಂಕಿಗಳನ್ನು ತುಂಬುವ ಕೆಲಸವನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡಿ, ಲೆಕ್ಕ ಹಾಕುವ ಕೆಲಸವನ್ನು ಆರ್‌ನಲ್ಲಿ ಮಾಡಿ. ಪ್ರಬಂಧ ಸಲ್ಲಿಸಲು ನಿಮಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯ ಇರುವುದರಿಂದ ಹೀಗೆ ಹೇಳುತ್ತಿದ್ದೇನೆ. ಇನ್ನು ಎರಡು ತಿಂಗಳಲ್ಲಿ ಸಲ್ಲಿಸಬೇಕಾಗಿದ್ದು, ವಿಭಾಗದ ಗಣಕಯಂತ್ರದಲ್ಲಿ ಪರವಾನಗಿ ಇರುವ ಎಸ್‌ಪಿಎಸ್‌ಎಸ್ ಸಿಗುವಂತಿದ್ದರೆ, ಮಾರ್ಗದರ್ಶಕರು ಹೇಳಿದ್ದನ್ನೇ ಮಾಡಿ ಎನ್ನುತ್ತಿದ್ದೆ. ಎಕ್ಸೆಲ್ ಒಂದರಲ್ಲೇ ಕೊನೆಯವರೆಗೆ ಹೋಗುವುದನ್ನು ಮಾತ್ರ ಎರಡೂ ಸಂದರ್ಭಗಳಲ್ಲಿ ಬೇಡ ಎನ್ನುತ್ತೇನೆ. ಕಾರಣಗಳನ್ನು ನಿಮ್ಮ ಎಕರೆ-ಗುಂಟೆಯ ಕಾಲಂನಿಂದಲೇ ವಿವರಿಸಬಹುದು, ಏಕೆಂದರೆ ನಿಮ್ಮ ಇಡೀ ಅಧ್ಯಯನದಲ್ಲಿ ಅತಿ ಅಪಾಯದ ಜಾಗ ಅದೇ.

ಒಂದು ಎಕರೆಗೆ 40 ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಾವೆಲ್ಲ ರೂಢಿಯಲ್ಲಿ 2.20 ಎಂದು ಬರೆಯುತ್ತೇವೆ, ಓದುವಾಗ ಎರಡೂವರೆ ಎಕರೆ ಎಂದೇ ತಿಳಿಯುತ್ತೇವೆ. ಆದರೆ ಗಣಕಯಂತ್ರಕ್ಕೆ ಆ ಚುಕ್ಕೆ ದಶಮಾಂಶ ಬಿಂದು ಮಾತ್ರ. ಎಕ್ಸೆಲ್‌ನಲ್ಲಿ 2.20 ಎಂದು ಟೈಪ್ ಮಾಡಿದರೆ ಅದು ಕೊನೆಯ ಸೊನ್ನೆಯನ್ನು ಕೈಬಿಟ್ಟು 2.2 ಎಂದು ತೋರಿಸುತ್ತದೆ. ಆಮೇಲೆ ಆ ಕೋಶವನ್ನು ನೋಡಿದವರಿಗೆ ಅದು ಎರಡು ಎಕರೆ ಇಪ್ಪತ್ತು ಗುಂಟೆಯೋ ಎರಡು ಎಕರೆ ಎರಡು ಗುಂಟೆಯೋ ತಿಳಿಯುವ ದಾರಿಯೇ ಇರುವುದಿಲ್ಲ. ಚುಕ್ಕೆಯ ಬದಲು ಅಡ್ಡಗೆರೆ ಹಾಕಿ 2-10 ಎಂದು ಬರೆದರೆ ಇನ್ನೂ ಕೆಟ್ಟದ್ದು: ಎಕ್ಸೆಲ್ ಅದನ್ನು ದಿನಾಂಕವೆಂದು ತಿಳಿದು, ಭಾರತದ ಸೆಟ್ಟಿಂಗ್ ಇದ್ದರೆ ಅಕ್ಟೋಬರ್ 2 ಎಂದೂ ಅಮೆರಿಕದ ಸೆಟ್ಟಿಂಗ್ ಇದ್ದರೆ ಫೆಬ್ರುವರಿ 10 ಎಂದೂ ಬದಲಾಯಿಸಿ ಒಳಗೆ ಬೇರೆಯೇ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ.

ಈ ತಪ್ಪು ಫಲಿತಾಂಶದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. 2 ಎಕರೆ 20 ಗುಂಟೆಯಲ್ಲಿ 50 ಕ್ವಿಂಟಲ್ ಬೆಳೆದ ರೈತನ ನಿಜವಾದ ಇಳುವರಿ ಎಕರೆಗೆ 20 ಕ್ವಿಂಟಲ್. ವಿಸ್ತೀರ್ಣವನ್ನು 2.2 ಎಂದು ಹಿಡಿದರೆ ಅದು 22.7 ಆಗುತ್ತದೆ. ಎಕರೆಗೆ 22.7 ಕ್ವಿಂಟಲ್ ಎಂಬುದು ನಂಬುವಂತಹ ಅಂಕಿಯೇ ಆದ್ದರಿಂದ ಅದನ್ನು ಯಾರೂ ಎರಡನೆಯ ಬಾರಿ ನೋಡುವುದಿಲ್ಲ. ಇಪ್ಪತ್ತೇ ಗುಂಟೆ ಇರುವ ಸಣ್ಣ ರೈತ 10 ಕ್ವಿಂಟಲ್ ಬೆಳೆದಿದ್ದರೆ ಅವನ ಇಳುವರಿಯೂ 20 ಕ್ವಿಂಟಲ್ಲೇ, ಆದರೆ 0.20 ಎಂದು ತುಂಬಿದ ಹಾಳೆಯಲ್ಲಿ ಅದು 50 ಎಂದು ಬರುತ್ತದೆ. ಐದು ಎಕರೆ ಇಪ್ಪತ್ತು ಗುಂಟೆಯವನ ವಿಷಯದಲ್ಲಿ ತಪ್ಪು ಶೇಕಡಾ 6ರಷ್ಟು ಮಾತ್ರ. ಅಂದರೆ ಹಿಡುವಳಿ ಸಣ್ಣದಾದಷ್ಟೂ ಇಳುವರಿ ಹೆಚ್ಚಾಗಿ ಕಾಣುವಂತೆ ಈ ತಪ್ಪು ಒಂದೇ ದಿಕ್ಕಿಗೆ ವಾಲುತ್ತದೆ. ಸಣ್ಣ ಹಿಡುವಳಿಗಳಲ್ಲಿ ಎಕರೆವಾರು ಉತ್ಪನ್ನ ಹೆಚ್ಚು ಎಂಬುದು 1962ರಲ್ಲಿ ಅಮರ್ತ್ಯ ಸೇನ್ ಎತ್ತಿದಂದಿನಿಂದ ನಮ್ಮ ಕೃಷಿ ಅರ್ಥಶಾಸ್ತ್ರದಲ್ಲಿ ನಡೆದುಬಂದ ದೊಡ್ಡ ಚರ್ಚೆ. ನಿಮ್ಮ ಹಾಳೆಯಲ್ಲಿ ಅಂತಹ ಸಂಬಂಧ ಕಂಡುಬಂದರೆ ಅದು ಜಗಳೂರಿನ ಹೊಲದಿಂದ ಬಂದದ್ದೋ ಒಂದು ಚುಕ್ಕೆಯಿಂದ ಬಂದದ್ದೋ ಎಂದು ನೀವು ಹೇಳಲೇಬೇಕಾಗುತ್ತದೆ.

ಆದ್ದರಿಂದ ತಂತ್ರಾಂಶದ ಮಾತಿಗಿಂತ ಮೊದಲು, ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡಿ. ಪೂರ್ತಿ ಎಕರೆ ಇರುವಲ್ಲಿ ಗುಂಟೆಯ ಕಾಲಂನಲ್ಲಿ 0 ಎಂದು ಬರೆಯಿರಿ, ಖಾಲಿ ಬಿಡಬೇಡಿ. ಈಗಾಗಲೇ ಒಂದೇ ಕಾಲಂನಲ್ಲಿ ತುಂಬಿದ್ದರೆ ಚುಕ್ಕೆಯ ನಂತರ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಎಲ್ಲಾದರೂ ಇದೆಯೇ ನೋಡಿ. 2.75, 3.75 ಮುಂತಾದವು ಕಂಡರೆ ಆ ಪ್ರಶ್ನಾವಳಿಯನ್ನು ತುಂಬಿದವರು ಗುಂಟೆಯನ್ನು ಬಿಟ್ಟು ದಶಮಾಂಶದಲ್ಲೇ ಬರೆದಿದ್ದಾರೆ ಎಂದರ್ಥ. 2.1, 2.2, 2.3 ಮುಂತಾದವು ಮಾತ್ರ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅವುಗಳಿಗೆ ಕಾಗದದ ಪ್ರಶ್ನಾವಳಿಯನ್ನೇ ತೆರೆದು ನೋಡಬೇಕು. 120 ಪ್ರಶ್ನಾವಳಿಗಳಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಇನ್ನು ಗುಂಟೆಯನ್ನು ದಶಮಾಂಶದ ಎಕರೆಗೆ ತರುವ ಪರಿವರ್ತನೆಯನ್ನು ಮೂರು ತಂತ್ರಾಂಶಗಳಲ್ಲಿ ಹೇಗೆ ಮಾಡುತ್ತೀರಿ ಮತ್ತು ಮಾಡಿದ ನಂತರ ಏನು ಉಳಿಯುತ್ತದೆ ಎಂಬುದನ್ನು ನೋಡಿ. ಎಕ್ಸೆಲ್‌ನಲ್ಲಿ ಎಕರೆ B, ಗುಂಟೆ C ಕಾಲಂನಲ್ಲಿದ್ದರೆ `=B2+C2/40` ಎಂದು ಬರೆದು ಕೆಳಗಿನವರೆಗೆ ಎಳೆಯುತ್ತೀರಿ. ಕಲಿಯಲು ಐದು ನಿಮಿಷವೂ ಬೇಡ, ಮತ್ತು ಆ ಕ್ಷಣಕ್ಕೆ ಉತ್ತರ ಸರಿಯಾಗಿಯೇ ಇರುತ್ತದೆ. ತೊಂದರೆ ಬರುವುದು ನಂತರ. ಆ ಸೂತ್ರ ಈಗ 120 ಕೋಶಗಳಲ್ಲಿ 120 ಪ್ರತಿಗಳಾಗಿ ಕುಳಿತಿದೆ. ನಡುವೆ ಒಂದು ಕೋಶದಲ್ಲಿ ಕೈತಪ್ಪಿ ಸೂತ್ರದ ಮೇಲೆ ಸಂಖ್ಯೆ ಬಿದ್ದರೆ ನೋಟಕ್ಕೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಮಾರ್ಗದರ್ಶಕರು ಇನ್ನೂ ಹನ್ನೆರಡು ರೈತರನ್ನು ಸೇರಿಸಿ ಎಂದಾಗ ನೀವು ಸಾಲುಗಳನ್ನು ಕೆಳಗೆ ಸೇರಿಸುತ್ತೀರಿ. ಇನ್ನೊಂದು ಹಾಳೆಯಲ್ಲಿ ಬರೆದಿಟ್ಟ `=AVERAGE(F2:F121)` ಹಳೆಯ 120 ಸಾಲುಗಳನ್ನೇ ಕೂಡುತ್ತಾ ಇರುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇಂತಹ ತಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಆಗುವಂಥದ್ದಲ್ಲ. ಸರ್ಕಾರದ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಅವರಿಂದಲೇ ಎಕ್ಸೆಲ್ ಕಡತವನ್ನು ಪಡೆದು ನೋಡಿದಾಗಲೇ ಅದು ಹೊರಬಿದ್ದದ್ದು. ಹರ್ನ್‌ಡನ್ ಎತ್ತಿದ ಆಕ್ಷೇಪಗಳಲ್ಲಿ ಇದು ಒಂದು ಮಾತ್ರ ಎಂಬುದು ನಿಜ, ಆದರೆ ಪ್ರಕಟವಾದ ಲೇಖನವನ್ನು ಎಷ್ಟು ಓದಿದರೂ ಈ ತಪ್ಪು ಕಾಣುವಂತಿರಲಿಲ್ಲ.

ಎಸ್‌ಪಿಎಸ್‌ಎಸ್‌ನಲ್ಲಿ ಇದೇ ಕೆಲಸವನ್ನು `Transform` ಮೆನುವಿನ `Compute Variable` ಮೂಲಕ ಮಾಡಬಹುದು. ಹೆಚ್ಚಿನವರು ಅಲ್ಲಿ `OK` ಒತ್ತಿ ಮುಂದೆ ಹೋಗುತ್ತಾರೆ. ಹೊಸ ಕಾಲಂ ಬರುತ್ತದೆ, ಆದರೆ ಅದು ಯಾವ ಸೂತ್ರದಿಂದ ಬಂತು ಎಂಬುದು ದತ್ತಾಂಶದ ಹಾಳೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ `OK` ಪಕ್ಕದಲ್ಲಿ `Paste` ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ನೀವು ಮೌಸ್‌ನಿಂದ ಆಯ್ದದ್ದೆಲ್ಲ ಆಜ್ಞೆಗಳ ರೂಪದಲ್ಲಿ ಬೇರೆ ಕಿಟಕಿಯಲ್ಲಿ ಬಂದು ನಿಲ್ಲುತ್ತದೆ:

```
COMPUTE area = acre + gunta/40.
COMPUTE yield = qtl/area.
EXECUTE.
```

ಇದನ್ನು `.sps` ಕಡತವಾಗಿ ಉಳಿಸಿಟ್ಟರೆ ಆರು ತಿಂಗಳ ನಂತರವೂ ಅದೇ ಲೆಕ್ಕವನ್ನು ಮತ್ತೆ ಓಡಿಸಬಹುದು. ಎಸ್‌ಪಿಎಸ್‌ಎಸ್ ಬಳಸಿದರೆ ಮರುಲೆಕ್ಕ ಸಾಧ್ಯವೇ ಇಲ್ಲ ಎಂಬ ಮಾತು ಹೀಗಾಗಿ ಅರ್ಧಸತ್ಯ. ಸಾಧ್ಯ ಇದೆ, ಆದರೆ ಅದಕ್ಕೆ ಪ್ರತಿಸಲವೂ ಆ ಇನ್ನೊಂದು ಗುಂಡಿಯನ್ನು ಒತ್ತುವ ಶಿಸ್ತು ಬೇಕು, ಮತ್ತು ಕೆಲಸ ಕಲಿಸುವ ಹೆಚ್ಚಿನವರು ಆ ಗುಂಡಿಯನ್ನು ತೋರಿಸುವುದೇ ಇಲ್ಲ.

ಆರ್‌ನಲ್ಲಿ ಶಿಸ್ತಿನ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಏಕೆಂದರೆ ಬರೆಯದೆ ಏನನ್ನೂ ಮಾಡಲು ಬರುವುದಿಲ್ಲ. ಹಾಳೆಯನ್ನು ಸಿಎಸ್‌ವಿ ಕಡತವಾಗಿ ಉಳಿಸಿ, ಕ್ವಿಂಟಲ್ ಕಾಲಂಗೆ `qtl`, ನೀರಾವರಿಯ ಕಾಲಂಗೆ `water` ಎಂದು ಹೆಸರಿಟ್ಟರೆ ನಿಮ್ಮ ಮುಖ್ಯ ಪ್ರಶ್ನೆಗೆ ಬೇಕಾದದ್ದು ಇಷ್ಟೇ:

```
d <- read.csv("jola.csv", fileEncoding = "UTF-8-BOM")
stopifnot(all(d$gunta < 40))
d$area  <- d$acre + d$gunta / 40
d$yield <- d$qtl / d$area
t.test(yield ~ water, data = d)
```

ಎರಡನೆಯ ಸಾಲನ್ನು ಗಮನಿಸಿ. ಗುಂಟೆಯ ಕಾಲಂನಲ್ಲಿ 40 ಅಥವಾ ಹೆಚ್ಚಿನ ಸಂಖ್ಯೆ ಒಂದೇ ಒಂದು ಇದ್ದರೂ, ಅಥವಾ ಒಂದು ಕೋಶ ಖಾಲಿ ಉಳಿದಿದ್ದರೂ, ಆ ಆಜ್ಞೆ ದೋಷದ ಸಂದೇಶವನ್ನು ತೋರಿಸುತ್ತದೆ. ಕಡತವನ್ನು ಒಟ್ಟಾಗಿ `source()` ಮೂಲಕ ಓಡಿಸಿದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಹೊಸ ಹನ್ನೆರಡು ರೈತರು ಬಂದಾಗ ಸಿಎಸ್‌ವಿ ಕಡತದಲ್ಲಿ ಸಾಲು ಸೇರಿಸಿ ಇದನ್ನೇ ಮತ್ತೊಮ್ಮೆ ಓಡಿಸಿದರೆ ಸಾಕು. ಪರೀಕ್ಷಕರು ಈ ಅಂಕಿ ಹೇಗೆ ಬಂತು ಎಂದು ಕೇಳಿದರೆ ಈ ಐದು ಸಾಲುಗಳೇ ಉತ್ತರ. ಮೂಲ ಕಡತವನ್ನು ಮಾತ್ರ ಕೈಯಿಂದ ಎಂದಿಗೂ ತಿದ್ದಬೇಡಿ. ತಿದ್ದಬೇಕಾದದ್ದು ಏನಾದರೂ ಇದ್ದರೆ ಅದನ್ನೂ ಆಜ್ಞೆಯಾಗಿ ಬರೆದು, ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ನಮೂದಿಸಿ.

ಖಾಲಿ ಕೋಶದ ಮಾತು ಬಂದದ್ದರಿಂದ ಅದನ್ನು ಇನ್ನಷ್ಟು ವಿವರಿಸಬೇಕು, ಏಕೆಂದರೆ ಮೂರೂ ತಂತ್ರಾಂಶಗಳ ಸ್ವಭಾವ ಬೇರೆಯಾಗುವುದು ಇಲ್ಲಿಯೇ. ಐವರು ರೈತರಲ್ಲಿ ನಾಲ್ವರ ಇಳುವರಿ 20, 18, 22, 20 ಎಂದಿಟ್ಟುಕೊಳ್ಳಿ, ಐದನೆಯವರು ಉತ್ತರ ಕೊಟ್ಟಿಲ್ಲ. ಉತ್ತರ ಕೊಟ್ಟವರ ಸರಾಸರಿ 20. ಎಕ್ಸೆಲ್‌ನಲ್ಲಿ ಕ್ವಿಂಟಲ್‌ನ ಖಾಲಿ ಕೋಶವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಫಲಿತಾಂಶ 0 ಎಂದು ಬರುತ್ತದೆ. ಆ ಸೊನ್ನೆ ಸರಾಸರಿಯೊಳಗೆ ಸೇರಿ ಉತ್ತರ 16 ಆಗುತ್ತದೆ. ಎಸ್‌ಪಿಎಸ್‌ಎಸ್ ಖಾಲಿ ಕೋಶವನ್ನು ಲೆಕ್ಕದಿಂದ ತಾನಾಗಿಯೇ ಬಿಡುತ್ತದೆ, ಆದರೆ ನಮ್ಮಲ್ಲಿ ಉತ್ತರವಿಲ್ಲದ ಕಡೆ 99 ಎಂದು ಬರೆಯುವ ರೂಢಿ ಇದೆಯಲ್ಲ, ಅದನ್ನು `Variable View` ಹಾಳೆಯ `Missing` ಕಾಲಂನಲ್ಲಿ ಘೋಷಿಸದಿದ್ದರೆ 99 ಕೂಡ ಒಂದು ಇಳುವರಿಯಾಗಿ ಸೇರಿ ಸರಾಸರಿ 35.8 ಆಗುತ್ತದೆ. ಆರ್‌ನಲ್ಲಿ ಖಾಲಿ ಕೋಶ `NA` ಆಗುತ್ತದೆ, ಮತ್ತು `mean()` ಕೇಳಿದರೆ ಸರಾಸರಿಯ ಬದಲು `NA` ಎಂಬ ಉತ್ತರವೇ ಬರುತ್ತದೆ. ಹೊಸಬರಿಗೆ ಇದು ಕಿರಿಕಿರಿ ಎನಿಸುತ್ತದೆ. `na.rm = TRUE` ಎಂದು ಸೇರಿಸಿ ಬಿಟ್ಟವರನ್ನು ಬಿಟ್ಟೇ ಲೆಕ್ಕ ಹಾಕು ಎಂದು ನೀವೇ ಹೇಳಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ದತ್ತಾಂಶದವರಿಗೆ ಆ ಕಿರಿಕಿರಿಯೇ ಕಾವಲು. ಆದರೆ 99 ಎಂದು ತುಂಬಿದ್ದರೆ ಆರ್ ಕೂಡ ಅಷ್ಟೇ ಸುಲಭವಾಗಿ ಮೋಸಹೋಗುತ್ತದೆ. ನಿಮ್ಮ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಮಳೆ ಕೈಕೊಟ್ಟು ಬೆಳೆ ಪೂರ್ತಿ ಒಣಗಿದ ರೈತನ ಇಳುವರಿ ನಿಜವಾಗಿಯೂ 0, ಅದು ಲೆಕ್ಕದಲ್ಲಿ ಇರಲೇಬೇಕು. ಹೇಳಲೊಲ್ಲದ ರೈತನದು ಖಾಲಿ. ಈ ಎರಡನ್ನೂ ಬೆರೆಸಿದರೆ ನೀವು ಹೋಲಿಸಬೇಕೆಂದಿರುವ ಮಳೆಯಾಶ್ರಿತ ಗುಂಪಿನ ಸರಾಸರಿಯೇ ಕೆಡುತ್ತದೆ.

ಖರ್ಚಿನ ವಿಷಯ. ಎಕ್ಸೆಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಇದ್ದರೆ ಸರಿ, ಇಲ್ಲದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಪೂರ್ತಿ ಉಚಿತ, ಮತ್ತು ದತ್ತಾಂಶ ತುಂಬಲು ಅದು ಯಾವುದಕ್ಕೂ ಕಡಿಮೆಯಲ್ಲ. ಎಸ್‌ಪಿಎಸ್‌ಎಸ್ 1968ರಿಂದ ಇರುವ, 2009ರಲ್ಲಿ ಐಬಿಎಂ ಕೊಂಡುಕೊಂಡ ವಾಣಿಜ್ಯ ತಂತ್ರಾಂಶ. ಅದರ ಪರವಾನಗಿ ಸಾಮಾನ್ಯವಾಗಿ ಅವಧಿಗೆ ಕಟ್ಟಿದ್ದು, ಮೂಲ ಪ್ಯಾಕೇಜಿನ ಆಚೆಯ ಕೆಲವು ವಿಧಾನಗಳಿಗೆ ಪ್ರತ್ಯೇಕ ಹಣ ಕೊಡಬೇಕು. ವಿಭಾಗದಲ್ಲಿ ಪರವಾನಗಿ ಇದ್ದರೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಅದು ನಿಮ್ಮ ಸ್ವಂತ ಲ್ಯಾಪ್‌ಟಾಪಿಗೆ ಅನ್ವಯಿಸುತ್ತದೆಯೇ, ಮತ್ತು ನಿಮ್ಮ ಮೌಖಿಕ ಪರೀಕ್ಷೆಯ ಹೊತ್ತಿಗೆ ಅವಧಿ ಇರುತ್ತದೆಯೇ. ಅವಧಿ ಮುಗಿದರೆ `.sav` ದತ್ತಾಂಶವನ್ನು ಆರ್‌ನ `haven` ಪ್ಯಾಕೇಜಿನಿಂದಲೋ ಪಿಎಸ್‌ಪಿಪಿ ಎಂಬ ಉಚಿತ ತಂತ್ರಾಂಶದಿಂದಲೋ ತೆರೆಯಬಹುದು, ಆದರೆ ಫಲಿತಾಂಶಗಳ `.spv` ಕಡತ ಬೇರೆಡೆ ಸುಲಭವಾಗಿ ತೆರೆಯುವುದಿಲ್ಲ. ಹಾಗಾಗಿ ಕೋಷ್ಟಕಗಳನ್ನು ಆಗಿಂದಾಗ್ಗೆ ಪಿಡಿಎಫ್ ಆಗಿ ಹೊರತೆಗೆದು ಇಡಬೇಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ದಾಟುವ ಬೀಗ ಮುರಿದ ಪ್ರತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅದು ಕಾನೂನುಬಾಹಿರ, ಬಹಳ ಸಲ ವೈರಸ್ ಸಮೇತ ಬರುತ್ತದೆ, ಮತ್ತು ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ತಂತ್ರಾಂಶದ ಹೆಸರು, ಆವೃತ್ತಿ ಬರೆಯುವಾಗ ನೀವೇ ನಿಮ್ಮ ವಿರುದ್ಧ ಸಾಕ್ಷಿ ಬರೆದಂತೆ ಆಗುತ್ತದೆ.

ಎಸ್‌ಪಿಎಸ್‌ಎಸ್‌ನ ಬಲವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದು ಸಮೀಕ್ಷೆಗಾಗಿಯೇ ಬೆಳೆದ ತಂತ್ರಾಂಶ. 1 ಎಂದರೆ ಕೊಳವೆಬಾವಿ, 2 ಎಂದರೆ ಮಳೆಯಾಶ್ರಿತ ಎಂದು ಒಮ್ಮೆ ಹೆಸರಿಟ್ಟರೆ ಎಲ್ಲ ಕೋಷ್ಟಕಗಳಲ್ಲೂ ಆ ಹೆಸರೇ ಬರುತ್ತದೆ. ಬಿತ್ತನೆ ಬೀಜವನ್ನು ಎಲ್ಲೆಲ್ಲಿಂದ ತರುತ್ತೀರಿ, ಅನ್ವಯಿಸುವ ಎಲ್ಲದಕ್ಕೂ ಗುರುತು ಹಾಕಿ ಎಂಬಂತಹ ಬಹು ಉತ್ತರದ ಪ್ರಶ್ನೆಗಳಿಗೆ `Multiple Response` ಎಂಬ ಸಿದ್ಧ ಮೆನುವೇ ಇದೆ. ಆರ್‌ನಲ್ಲಿ ಅದನ್ನು ಹೊಸಬರು ಮಾಡಲು ಒಂದು ದಿನ ಒದ್ದಾಡಬೇಕಾಗಬಹುದು. ನಿಮ್ಮ ಪ್ರಶ್ನಾವಳಿಯಲ್ಲಿ ಅಂತಹ ಪ್ರಶ್ನೆಗಳೇ ಹೆಚ್ಚಾಗಿದ್ದರೆ ನನ್ನ ತಕ್ಕಡಿ ಸ್ವಲ್ಪ ಆ ಕಡೆ ವಾಲುತ್ತಿತ್ತು.

ಆರ್ ಉಚಿತ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಆರಂಭಿಸಿದ ಇದು 1995ರಿಂದ ಮುಕ್ತ ಪರವಾನಗಿಯಲ್ಲಿದೆ. ಅದರ ಜೊತೆ ಬಳಸುವ ಆರ್‌ಸ್ಟುಡಿಯೊದ ಉಚಿತ ಆವೃತ್ತಿ ನಿಮಗೆ ಧಾರಾಳವಾಗಿ ಸಾಕು. ಬೆಲೆಯನ್ನು ಸಮಯದಲ್ಲಿ ಕೊಡುತ್ತೀರಿ. ದಿನಕ್ಕೊಂದು ಗಂಟೆ ಕುಳಿತರೆ ನಿಮ್ಮ ಪ್ರಬಂಧಕ್ಕೆ ಬೇಕಾದಷ್ಟು ಆರ್ ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ. ಎಸ್‌ಪಿಎಸ್‌ಎಸ್‌ನಲ್ಲಿ ಮೊದಲ ಕೋಷ್ಟಕ ಎರಡೇ ದಿನಗಳಲ್ಲಿ ಬಂದೀತು. ಆರ್‌ನ ಮೊದಲ ವಾರವೆಲ್ಲ ಕಡತ ಎಲ್ಲಿದೆ ಎಂದು ಹೇಳಿಕೊಡುವುದರಲ್ಲಿ ಮತ್ತು ಅಕ್ಷರದೋಷಗಳಲ್ಲಿ ಕಳೆಯುತ್ತದೆ. `yield` ಎಂದು ಹೆಸರಿಟ್ಟು `Yield` ಎಂದು ಕರೆದರೆ ಅದಕ್ಕೆ ಗುರುತು ಸಿಗುವುದಿಲ್ಲ. ನೀರಾವರಿಯ ಕಾಲಂನಲ್ಲಿ ಒಂದು ಕಡೆ `rain` ಎಂದೂ ಇನ್ನೊಂದು ಕಡೆ `Rain` ಎಂದೂ ಬರೆದಿದ್ದರೆ ಅದು ಮೂರು ಗುಂಪುಗಳೆಂದು ಎಣಿಸಿ, `grouping factor must have exactly 2 levels` ಎಂದು ಹೇಳಿ ಲೆಕ್ಕವನ್ನು ನಿರಾಕರಿಸುತ್ತದೆ. `table(d$water)` ಎಂದು ಕೇಳಿದರೆ ಆ ಮೂರನೆಯ ಗುಂಪು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ.

ಊರಿನ ಹೆಸರುಗಳನ್ನು ಕನ್ನಡದಲ್ಲೇ ತುಂಬಿದ್ದರೆ ಒಂದು ಎಚ್ಚರಿಕೆ. ಎಕ್ಸೆಲ್‌ನಿಂದ ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮತ್ತು ಹೋದದ್ದು ಮರಳಿ ಬರುವುದಿಲ್ಲ. ಪಟ್ಟಿಯಲ್ಲಿ `CSV UTF-8` ಎಂಬುದನ್ನೇ ಆರಿಸಿ. ಮೇಲಿನ ಮೊದಲ ಆಜ್ಞೆಯಲ್ಲಿ `fileEncoding` ಎಂದು ಬರೆದದ್ದು ಅದಕ್ಕಾಗಿಯೇ. ಅದಿಲ್ಲದಿದ್ದರೆ ಮೊದಲ ಕಾಲಂನ ಹೆಸರಿನ ಆರಂಭದಲ್ಲಿ ವಿಚಿತ್ರ ಚಿಹ್ನೆಗಳು ಅಂಟಿಕೊಳ್ಳಬಹುದು. ವಿಂಡೋಸ್‌ನಲ್ಲಿ ಆರ್ ಕನ್ನಡವನ್ನು ನೆಟ್ಟಗೆ ನಿಭಾಯಿಸುವುದು 2022ರಲ್ಲಿ ಬಂದ 4.2 ಆವೃತ್ತಿಯಿಂದ ಈಚೆಗೆ. ಆವೃತ್ತಿಯ ಮಾತು ಮರುಲೆಕ್ಕಕ್ಕೂ ಸಂಬಂಧಿಸಿದ್ದು: 2020ರ 4.0 ಆವೃತ್ತಿಯಲ್ಲಿ `read.csv` ಪದಗಳ ಕಾಲಂಗಳನ್ನು ಓದಿಕೊಳ್ಳುವ ರೀತಿಯೇ ಬದಲಾಯಿತು, ಹಾಗಾಗಿ ಅದಕ್ಕಿಂತ ಹಳೆಯ ಪುಸ್ತಕಗಳ ಕೆಲವು ಉದಾಹರಣೆಗಳು ಈಗ ಹಾಗೆಯೇ ನಡೆಯುವುದಿಲ್ಲ. ನಿಮ್ಮ ಕೆಲಸದ ಕೊನೆಯಲ್ಲಿ `sessionInfo()` ಎಂದು ಓಡಿಸಿ ಬಂದದ್ದನ್ನು ಅದೇ ಕಡತದೊಂದಿಗೆ ಇಟ್ಟುಕೊಳ್ಳಿ.

ಮಾರ್ಗದರ್ಶಕರಿಗೆ ಎಸ್‌ಪಿಎಸ್‌ಎಸ್ ಪರಿಚಿತವಾಗಿರುವುದರಿಂದ ಅವರು ನಿಮ್ಮ ಉತ್ತರವನ್ನು ಅದರಲ್ಲಿ ತಾಳೆ ನೋಡಬಹುದು, ಮತ್ತು ಮೊದಲ ನೋಟಕ್ಕೆ ಅದು ತಾಳೆಯಾಗದೆ ಇರಬಹುದು. ಗಾಬರಿ ಬೇಡ. ಎರಡು ಗುಂಪುಗಳ ಟಿ ಪರೀಕ್ಷೆಗೆ ಎಸ್‌ಪಿಎಸ್‌ಎಸ್ ಎರಡು ಸಾಲುಗಳನ್ನು ಮುದ್ರಿಸುತ್ತದೆ: ಎರಡೂ ಗುಂಪುಗಳ ಚದುರುವಿಕೆ ಸಮಾನ ಎಂದು ಭಾವಿಸಿದ್ದು ಮೊದಲನೆಯದು, ಹಾಗೆ ಭಾವಿಸದ್ದು ಎರಡನೆಯದು. ಆರ್ ತಾನಾಗಿ ಕೊಡುವುದು ಎರಡನೆಯದನ್ನು, ಅದರ ತಲೆಬರಹ `Welch Two Sample t-test` ಎಂದಿರುತ್ತದೆ. 120 ರೈತರಿಗೆ ಸ್ವಾತಂತ್ರ್ಯಾಂಕ, ಅಂದರೆ `df`, 118 ಎಂದಿದ್ದರೆ ಅದು ಮೊದಲ ಸಾಲು, ಚುಕ್ಕೆಯ ನಂತರ ಅಂಕಿಗಳಿದ್ದರೆ ವೆಲ್ಚ್. ಮಳೆಯಾಶ್ರಿತ ಹೊಲಗಳ ಇಳುವರಿ ನೀರಾವರಿಯದಕ್ಕಿಂತ ಬೇರೆ ಪ್ರಮಾಣದಲ್ಲಿ ಏರಿಳಿಯುವ ಸಾಧ್ಯತೆ ಹೆಚ್ಚಾದ್ದರಿಂದ ಪ್ರಬಂಧದಲ್ಲಿ ವೆಲ್ಚ್ ಸಾಲನ್ನೇ ಕೊಡಿ; ಅವರು ಮೊದಲನೆಯದನ್ನು ಕೇಳಿದರೆ `var.equal = TRUE` ಎಂದು ಸೇರಿಸಿದರೆ ಆರ್ ಕೂಡ ಅದನ್ನೇ ಕೊಡುತ್ತದೆ. ಟಿ ಬೆಲೆಯ ಮುಂದೆ ಒಂದರಲ್ಲಿ ಋಣ ಚಿಹ್ನೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಯಾವ ಗುಂಪಿನಿಂದ ಯಾವುದನ್ನು ಕಳೆಯಲಾಗಿದೆ ಎಂಬುದಷ್ಟೇ ಬೇರೆಯಾಗಿದೆ: ಆರ್ ಗುಂಪುಗಳನ್ನು ಅಕ್ಷರಾನುಕ್ರಮದಲ್ಲಿ ತೆಗೆದುಕೊಳ್ಳುತ್ತದೆ, ಎಸ್‌ಪಿಎಸ್‌ಎಸ್ ನೀವು `Define Groups` ಪೆಟ್ಟಿಗೆಯಲ್ಲಿ ಕೊಟ್ಟ ಕ್ರಮದಲ್ಲಿ.